ಒಂದೇ ಸೂತ್ರ, ಒಂದು ಎಣ್ಣೆ, ಒಂದು ಮೇಣ: ಟ್ರಾನ್ಸ್ ಕೊಬ್ಬಿನ ಒಳಗುಟ್ಟು

ನಾನು ಎಂ.ಎಸ್ಸಿ ಓದುವಾಗ ನಮ್ಮ ಲ್ಯಾಬಿನ ಕಪಾಟಿನಲ್ಲಿ ಎರಡು ಸಣ್ಣ ಸೀಸೆಗಳು ಅಕ್ಕಪಕ್ಕ ಇದ್ದವು. ಎರಡರ ಚೀಟಿಯ ಮೇಲೂ C₁₈H₃₄O₂ ಎಂದೇ ಬರೆದಿತ್ತು. ಅಣುತೂಕವೂ ಒಂದೇ, ಸುಮಾರು 282.5. ಆದರೆ ಒಂದನ್ನು ಅಲುಗಾಡಿಸಿದರೆ ಒಳಗೆ ಎಣ್ಣೆ ತುಳುಕುತ್ತಿತ್ತು. ಇನ್ನೊಂದನ್ನು ತಲೆಕೆಳಗು ಮಾಡಿದರೂ ಅದರೊಳಗಿನ ಬಿಳಿ ಗಟ್ಟಿ ಅಂಟಿಕೊಂಡ ಜಾಗ ಬಿಡುತ್ತಿರಲಿಲ್ಲ. ಮೊದಲನೆಯದು ಓಲಿಕ್ ಆಮ್ಲ. ಕಡಲೆಕಾಯಿ ಎಣ್ಣೆಯಲ್ಲಿ, ಆಲಿವ್ ಎಣ್ಣೆಯಲ್ಲಿ ಧಾರಾಳವಾಗಿ ಸಿಗುವ ಕೊಬ್ಬಿನಾಮ್ಲ. ಎರಡನೆಯದು ಎಲೈಡಿಕ್ ಆಮ್ಲ, ಟ್ರಾನ್ಸ್ ಕೊಬ್ಬಿನಾಮ್ಲಗಳಲ್ಲಿ ಒಂದು. ಹಳೆಯ ಕಾಲದ ಡಾಲ್ಡಾದಲ್ಲಿ ಇದ್ದದ್ದು ಇದು ಮತ್ತು ಇದರ ಬಳಗ. ಓಲಿಕ್ ಆಮ್ಲ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಎಲೈಡಿಕ್ ಆಮ್ಲ ಕರಗಬೇಕಾದರೆ 44 ಡಿಗ್ರಿ ದಾಟಬೇಕು. ನಮ್ಮ ಮೈಯ ಬಿಸಿ 37 ಡಿಗ್ರಿ ಆ ಎರಡರ ನಡುವೆ ಬರುತ್ತದೆ ಎನ್ನುವುದನ್ನು ಇಲ್ಲೇ ನೆನಪಿಟ್ಟುಕೊಳ್ಳಿ.

ಭಾರತದಲ್ಲಿ 2022ರ ಜನವರಿ 1ರಿಂದ ಒಂದು ನಿಯಮ ಜಾರಿಯಲ್ಲಿದೆ. ಆಹಾರದಲ್ಲಿರುವ ಒಟ್ಟು ಎಣ್ಣೆ ಮತ್ತು ಕೊಬ್ಬಿನಲ್ಲಿ ಕಾರ್ಖಾನೆಯಲ್ಲಿ ಹುಟ್ಟಿದ ಟ್ರಾನ್ಸ್ ಕೊಬ್ಬಿನಾಮ್ಲ ತೂಕದಲ್ಲಿ ಶೇ. 2ನ್ನು ಮೀರುವಂತಿಲ್ಲ. ಈ ನಿಯಮವನ್ನು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಸೀಸ, ಕೀಟನಾಶಕ, ಬಣ್ಣ ಇವನ್ನು ನಿಷೇಧಿಸುವಾಗ ನಾವು ಬೇಡದ ಒಂದು ಬೇರೆ ಪದಾರ್ಥವನ್ನು ಹೊರಗಿಡುತ್ತೇವೆ. ಇಲ್ಲಿ ಬೇಡ ಎನ್ನುತ್ತಿರುವುದು ಒಂದು ಆಕಾರವನ್ನು. ಅದೇ 18 ಇಂಗಾಲ, ಅದೇ 34 ಹೈಡ್ರೋಜನ್, ಅದೇ 2 ಆಮ್ಲಜನಕ ಬೇರೊಂದು ಆಕಾರದಲ್ಲಿ ಕೂತರೆ ಯಾರ ತಕರಾರೂ ಇಲ್ಲ.

ಹೀಗೆ ಅಣುಸೂತ್ರ ಒಂದೇ ಇದ್ದು ಜೋಡಣೆ ಬೇರೆಯಾದ ವಸ್ತುಗಳಿಗೆ ಐಸೋಮರ್ ಎಂಬ ಹೆಸರಿಟ್ಟದ್ದು ಸ್ವೀಡನ್ನಿನ ಬರ್ಜೀಲಿಯಸ್, 1830ರಲ್ಲಿ. ಗ್ರೀಕ್‌ನಲ್ಲಿ ಅದಕ್ಕೆ ಸಮ ಭಾಗಗಳುಳ್ಳದ್ದು ಎಂಬರ್ಥ. ಕನ್ನಡದ ಪಠ್ಯಗಳಲ್ಲಿ ಬರುವ ‘ಸಮಾಂಗಿ’ ಅದರ ಪಕ್ಕಾ ಅನುವಾದ. ಅಂಗಗಳು ಸಮ, ದೇಹ ಮಾತ್ರ ಬೇರೆ. ಒಳ್ಳೆಯ ಪದ, ಬಳಕೆ ಮಾತ್ರ ಕಡಿಮೆ.

ಈ ಎರಡು ಆಮ್ಲಗಳಲ್ಲಿ ವ್ಯತ್ಯಾಸ ಇರುವುದು ಒಂದೇ ಒಂದು ಜಾಗದಲ್ಲಿ. ಎರಡೂ 18 ಇಂಗಾಲಗಳ ಉದ್ದನೆಯ ಸರಪಳಿ. ಒಂದು ತುದಿಯಲ್ಲಿ ಆಮ್ಲದ ತಲೆ. ಆ ತಲೆಯಿಂದ ಎಣಿಸಿದರೆ 9 ಮತ್ತು 10ನೇ ಇಂಗಾಲಗಳ ನಡುವೆ ಒಂದು ದ್ವಿಬಂಧ. ಉಳಿದ ಇಂಗಾಲಗಳ ನಡುವೆ ಎಲ್ಲ ಏಕಬಂಧ. ಎರಡು ಹಲಗೆಗಳನ್ನು ಒಂದೇ ಮೊಳೆ ಹೊಡೆದು ಜೋಡಿಸಿದರೆ ಒಂದನ್ನು ಇನ್ನೊಂದರ ಮೇಲೆ ಬೇಕಾದ ಹಾಗೆ ತಿರುಗಿಸಬಹುದು, ಅಲ್ವಾ? ಏಕಬಂಧ ಹಾಗೆ. ಎರಡು ಮೊಳೆ ಹೊಡೆದರೆ ಹಲಗೆ ತಿರುಗುವುದಿಲ್ಲ. ದ್ವಿಬಂಧ ಹೀಗೆ. ಆದ್ದರಿಂದ ದ್ವಿಬಂಧದ ಎರಡು ಕಡೆಯ ಸರಪಳಿ ತುಂಡುಗಳು ಒಂದೇ ಮಗ್ಗುಲಿಗೆ ಇದ್ದರೆ ಹಾಗೆಯೇ ಉಳಿಯುತ್ತವೆ. ಎದುರು ಬದುರು ಮಗ್ಗುಲಿಗೆ ಇದ್ದರೂ ಹಾಗೆಯೇ ಉಳಿಯುತ್ತವೆ. ಒಂದೇ ಮಗ್ಗುಲಿನದು ಸಿಸ್, ಅದು ಓಲಿಕ್. ಎದುರು ಮಗ್ಗುಲಿನದು ಟ್ರಾನ್ಸ್, ಅದು ಎಲೈಡಿಕ್.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಕರಗುವ ಬಿಸಿಯಲ್ಲಿ 30 ಡಿಗ್ರಿ ಅಂತರ ಏಕೆ? ಸೌದೆ ಹೊರೆ ಕಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೆಟ್ಟಗಿನ ಕಡ್ಡಿಗಳು ಒತ್ತೊತ್ತಾಗಿ ಕೂರುತ್ತವೆ, ಹೊರೆ ಬಿಗಿಯಾಗಿರುತ್ತದೆ. ನಡುವೆ ಡೊಂಕಿರುವ ಕಡ್ಡಿಗಳನ್ನು ಎಷ್ಟು ಬಿಗಿದರೂ ಸಂದು ಉಳಿಯುತ್ತದೆ. ಸಿಸ್ ದ್ವಿಬಂಧ ಸರಪಳಿಯನ್ನು ಮೊಣಕೈಯಂತೆ ಬಗ್ಗಿಸುತ್ತದೆ. ಟ್ರಾನ್ಸ್ ದ್ವಿಬಂಧ ಇದ್ದರೆ ಸರಪಳಿ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ಅಣುಗಳು ಹತ್ತಿರ ಕೂತಷ್ಟೂ ಅವುಗಳ ನಡುವಿನ ಸೆಳೆತ ಜಾಸ್ತಿ, ಬಿಡಿಸಲು ಬೇಕಾದ ಶಾಖವೂ ಜಾಸ್ತಿ. ದ್ವಿಬಂಧವೇ ಇಲ್ಲದ, ಪೂರ್ತಿ ನೆಟ್ಟಗಿನ ಸ್ಟಿಯರಿಕ್ ಆಮ್ಲ ಕರಗುವುದು ಸುಮಾರು 69 ಡಿಗ್ರಿಯಲ್ಲಿ. ಆದರೆ ಅದರ ಸೂತ್ರ C₁₈H₃₆O₂, ಎರಡು ಹೈಡ್ರೋಜನ್ ಹೆಚ್ಚು. ಅದು ಐಸೋಮರ್ ಅಲ್ಲ, ನೆಂಟ ಅಷ್ಟೇ. ಎಲೈಡಿಕ್ ಆಮ್ಲ ಸೂತ್ರದಲ್ಲಿ ಓಲಿಕ್‌ನ ಅವಳಿ, ನಡವಳಿಕೆಯಲ್ಲಿ ಸ್ಟಿಯರಿಕ್‌ನ ಕಡೆಗೆ ವಾಲಿದ್ದು.

ಸೊಪ್ಪು, ಬೀಜ, ಕಾಳುಗಳಲ್ಲಿ ಬಹುಪಾಲು ಸಿಸ್ ರೂಪವೇ ಇರುತ್ತದೆ. ಗಿಡದ ಕಿಣ್ವಗಳು ದ್ವಿಬಂಧ ಮಾಡುವುದೇ ಆ ಆಕಾರದಲ್ಲಿ. ಹಾಗಾದರೆ ಟ್ರಾನ್ಸ್ ರೂಪ ನಮ್ಮ ತಟ್ಟೆಗೆ ಬಂದದ್ದು ಎಲ್ಲಿಂದ? ದ್ರವ ಎಣ್ಣೆಯನ್ನು ತುಪ್ಪದಂತೆ ಗಟ್ಟಿ ಮಾಡುವ ಆಸೆಯಿಂದ. ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬಿಸಿ ಎಣ್ಣೆಗೆ ನಿಕ್ಕಲ್ ಪುಡಿ ಹಾಕಿ ಹೈಡ್ರೋಜನ್ ಅನಿಲ ಹಾಯಿಸುವುದು, ಅಷ್ಟೇ. 1937ರಲ್ಲಿ ಡಾಲ್ಡಾ ಎಂಬ ವನಸ್ಪತಿ, ಅಂದರೆ ಹೀಗೆ ಗಟ್ಟಿ ಮಾಡಿದ ಎಣ್ಣೆ, ನಮ್ಮಲ್ಲಿಗೆ ಬಂತು. ತುಪ್ಪ ಕೊಳ್ಳಲಾಗದ ಮನೆಗಳಲ್ಲಿ ಹಬ್ಬದ ಸಿಹಿ ಅದರಲ್ಲೇ ಆಯಿತು.

ಈ ಕ್ರಿಯೆಯ ಒಳಗೆ ಏನಾಗುತ್ತದೆ ಎನ್ನುವುದೇ ಕಥೆಯ ತಿರುಳು. ಪಠ್ಯಪುಸ್ತಕದಲ್ಲಿ ಎರಡು ಹೈಡ್ರೋಜನ್ ಒಟ್ಟಿಗೆ ಬಂದು ದ್ವಿಬಂಧಕ್ಕೆ ಸೇರಿದ ಹಾಗೆ ಚಿತ್ರ ಇರುತ್ತದೆ. ನಿಜದಲ್ಲಿ ಅವು ಒಂದೊಂದಾಗಿ ಸೇರುತ್ತವೆ. ಎಣ್ಣೆಯ ಅಣು ಮೊದಲು ನಿಕ್ಕಲ್ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಒಂದು ಹೈಡ್ರೋಜನ್ ಬಂದು ಸೇರುತ್ತದೆ. ಈಗ ಕೆಲಸ ಅರ್ಧ ಆಗಿದೆ. ಎರಡು ಮೊಳೆಗಳಲ್ಲಿ ಒಂದು ಕಿತ್ತು ಬಂದಿದೆ, ಸರಪಳಿ ತಿರುಗಬಲ್ಲದು. ಎರಡನೆಯ ಹೈಡ್ರೋಜನ್ ಬೇಗ ಸಿಕ್ಕರೆ ಅಣು ಪೂರ್ತಿ ತುಂಬಿಕೊಂಡು ಹೊರಟುಹೋಗುತ್ತದೆ. ಸಿಗದಿದ್ದರೆ ಒಂದು ಹೈಡ್ರೋಜನ್ ಮತ್ತೆ ಕಳಚಿ ಬೀಳುತ್ತದೆ, ದ್ವಿಬಂಧ ಮತ್ತೆ ಹುಟ್ಟುತ್ತದೆ. ಆದರೆ ಅಷ್ಟರಲ್ಲಿ ಸರಪಳಿ ತಿರುಗಿಬಿಟ್ಟಿರುತ್ತದೆ. ಹೊಸ ದ್ವಿಬಂಧ ಟ್ರಾನ್ಸ್ ಆಗುವುದೇ ಹೆಚ್ಚು, ಏಕೆಂದರೆ ಆ ರೂಪದಲ್ಲಿ ಎರಡು ಕಡೆಯ ತುಂಡುಗಳು ಒಂದನ್ನೊಂದು ತಳ್ಳಾಡುವುದಿಲ್ಲ, ಅಣುವಿಗೆ ನೆಮ್ಮದಿ ಜಾಸ್ತಿ. ಕೆಲವೊಮ್ಮೆ ಕಳಚುವ ಹೈಡ್ರೋಜನ್ ಪಕ್ಕದ ಇಂಗಾಲದ್ದು. ಆಗ ದ್ವಿಬಂಧ 9ನೇ ಜಾಗದಿಂದ 8ಕ್ಕೋ 10ಕ್ಕೋ ಸರಿಯುತ್ತದೆ. ಹೀಗಾಗಿ ವನಸ್ಪತಿಯಲ್ಲಿ ಸಿಗುವುದು ಎಲೈಡಿಕ್ ಆಮ್ಲ ಒಂದೇ ಅಲ್ಲ. C₁₈H₃₄O₂ ಸೂತ್ರದ ಒಂದು ದೊಡ್ಡ ಕುಟುಂಬವೇ ಅಲ್ಲಿರುತ್ತದೆ.

ಇಲ್ಲಿಂದ ಒಂದು ಮಾತು ಹೊರಡುತ್ತದೆ, ಅದನ್ನು ಜನ ಹೆಚ್ಚಾಗಿ ತಪ್ಪು ತಿಳಿಯುತ್ತಾರೆ. ಎಣ್ಣೆಯನ್ನು ಅರ್ಧಂಬರ್ಧ ಹೈಡ್ರೋಜನೀಕರಣ ಮಾಡಿದರೆ ಟ್ರಾನ್ಸ್ ಉಳಿಯುತ್ತದೆ. ಪೂರ್ತಿ ಮಾಡಿದರೆ ದ್ವಿಬಂಧವೇ ಇರುವುದಿಲ್ಲ, ಟ್ರಾನ್ಸ್ ಎಂಬ ಪ್ರಶ್ನೆಯೂ ಇಲ್ಲ. ಆದರೆ ಪೂರ್ತಿ ಮಾಡಿದ್ದು ಮೇಣದ ಬತ್ತಿಯಷ್ಟು ಗಟ್ಟಿ. ಬೇಕರಿಗೆ ಬೇಕಿದ್ದದ್ದು ಅದಲ್ಲ. ಮೇಜಿನ ಮೇಲೆ ಗಟ್ಟಿ, ಬಾಯಲ್ಲಿ ಮೆತ್ತಗೆ. ನಮ್ಮ ವನಸ್ಪತಿ ನಿಯಮ ಕೇಳುತ್ತಿದ್ದದ್ದು 31ರಿಂದ 41 ಡಿಗ್ರಿಯೊಳಗೆ ಕರಗುವ ಕೊಬ್ಬು. ಆ ನಡುವಿನ ಗಟ್ಟಿತನ ಅಗ್ಗವಾಗಿ ಸಿಗುತ್ತಿದ್ದದ್ದೇ ಟ್ರಾನ್ಸ್ ಆಕಾರದಿಂದ. ಪಫ್ಸ್‌ನ ಪದರ ಪದರ ಎದ್ದು ನಿಲ್ಲುವುದಕ್ಕೆ, ಖಾರಾ ಬಿಸ್ಕೆಟ್ ಪುಡಿಪುಡಿಯಾಗುವುದಕ್ಕೆ ಹಿಟ್ಟಿನ ನಡುವೆ ಹರಿದುಹೋಗದೆ ಕೂರುವ ಕೊಬ್ಬು ಬೇಕು. ಕಾರ್ಖಾನೆಯವರಿಗೆ ಟ್ರಾನ್ಸ್ ಒಂದು ಎಡವಟ್ಟಾಗಿರಲಿಲ್ಲ, ಗುಣವೇ ಆಗಿತ್ತು.

ಎರಡನೆಯ ತಪ್ಪು ತಿಳಿವಳಿಕೆ ಬಾಣಲೆಯದು. ಮನೆಯಲ್ಲಿ ಎಣ್ಣೆ ಕಾಯಿಸಿದರೆ ಅದೆಲ್ಲ ಟ್ರಾನ್ಸ್ ಆಗಿಬಿಡುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ನಿಕ್ಕಲ್ ಇಲ್ಲದೆ, ಬರೀ ಬಿಸಿಯಿಂದ ದ್ವಿಬಂಧ ತಿರುಗಿಸುವುದು ಬಹಳ ಕಷ್ಟ. 180 ಡಿಗ್ರಿಯ ಬಾಣಲೆಯಲ್ಲಿ ಹಪ್ಪಳ ಕರಿದರೆ ಹುಟ್ಟುವ ಟ್ರಾನ್ಸ್ ಅತ್ಯಲ್ಪ. ಎಣ್ಣೆಯ ವಾಸನೆ ತೆಗೆಯಲು ರಿಫೈನರಿಯಲ್ಲಿ 200 ಡಿಗ್ರಿಗಿಂತ ಎಷ್ಟೋ ಮೇಲಕ್ಕೆ ಕಾಯಿಸುತ್ತಾರಲ್ಲ, ಅಲ್ಲಿ ಸ್ವಲ್ಪ ಹುಟ್ಟುತ್ತದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಬಳಸುವುದು ಕೆಟ್ಟದ್ದು ಹೌದು. ಆದರೆ ಅದರ ಮುಖ್ಯ ದೋಷ ಎಣ್ಣೆ ಆಮ್ಲಜನಕದ ಜೊತೆ ಸೇರಿ ಒಡೆಯುವುದು, ಆಕಾರ ಬದಲಾಗುವುದಲ್ಲ. ಎರಡು ಬೇರೆ ಬೇರೆ ರೋಗಕ್ಕೆ ಒಂದೇ ಹೆಸರಿಡಬಾರದು.

ಆಕಾರ ಬದಲಾದರೆ ಮೈಗೇನಾಗುತ್ತದೆ? 1990ರಲ್ಲಿ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ಇದನ್ನು ನೇರವಾಗಿ ಅಳೆದರು. 59 ಜನ ಆರೋಗ್ಯವಂತರಿಗೆ ಮೂರು ವಾರಕ್ಕೊಂದರಂತೆ ಮೂರು ಬಗೆಯ ಊಟ ಕೊಟ್ಟರು. ಒಟ್ಟು ಶಕ್ತಿಯ ಶೇ. 10ರಷ್ಟು ಭಾಗ ಮಾತ್ರ ಬದಲು: ಒಮ್ಮೆ ಓಲಿಕ್ ಆಮ್ಲ, ಒಮ್ಮೆ ಅದರ ಟ್ರಾನ್ಸ್ ಐಸೋಮರ್‌ಗಳು, ಒಮ್ಮೆ ದ್ವಿಬಂಧವೇ ಇಲ್ಲದ ಸ್ಯಾಚುರೇಟೆಡ್ ಕೊಬ್ಬು. ಸ್ಯಾಚುರೇಟೆಡ್ ಕೊಬ್ಬು ತಿಂದಾಗ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಏರಿತು, ನಿರೀಕ್ಷೆಯಂತೆಯೇ. ಟ್ರಾನ್ಸ್ ತಿಂದಾಗಲೂ ಎಲ್‌ಡಿಎಲ್ ಏರಿತು, ಜೊತೆಗೆ ಒಳ್ಳೆಯದು ಎನ್ನುವ ಎಚ್‌ಡಿಎಲ್ ಇಳಿಯಿತು. ಸಸ್ಯದ ಎಣ್ಣೆಯಿಂದ ಮಾಡಿದ್ದು, ಆದ್ದರಿಂದ ಪ್ರಾಣಿಜನ್ಯ ಕೊಬ್ಬಿಗಿಂತ ಮೇಲು ಎಂದು ಮಾರುತ್ತಿದ್ದ ವಸ್ತುವಿಗೆ ಇದು ದೊಡ್ಡ ಪೆಟ್ಟು. ಡೆನ್ಮಾರ್ಕ್ 2003ರಲ್ಲೇ ಶೇ. 2ರ ಮಿತಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, 2023ರೊಳಗೆ ಇದನ್ನು ಜಗತ್ತಿನಿಂದಲೇ ತೆಗೆಯೋಣ ಎಂದು ಕರೆಕೊಟ್ಟಿತು. 2024ರ ಜನವರಿಯಲ್ಲಿ ಅದು ಮೊದಲ ಬಾರಿ ಐದು ದೇಶಗಳಿಗೆ ಪ್ರಮಾಣಪತ್ರ ಕೊಟ್ಟಾಗ ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ನಿಯಮ ಬರೆದರೆ ಸಾಲದು, ಪಾಲನೆ ಆಗುತ್ತಿದೆ ಎಂದು ಅಳೆದು ತೋರಿಸಬೇಕು ಎನ್ನುವುದು ಅದರ ಷರತ್ತು.

ಶೇ. 2 ಎಂದರೆ ಎಷ್ಟು ಎಂದು ಒಂದು ಲೆಕ್ಕ ಹಾಕೋಣ. ಒಂದು ಪಫ್ಸ್‌ನಲ್ಲಿ 15 ಗ್ರಾಂ ಕೊಬ್ಬಿದೆ ಎಂದುಕೊಳ್ಳಿ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಮಿತಿ ಶೇ. 10 ಇತ್ತು. ಆ ಮಿತಿಯೊಳಗೇ ಇದ್ದ ಕೊಬ್ಬಿನಿಂದ ಮಾಡಿದ ಪಫ್ಸ್‌ನಲ್ಲಿ 1.5 ಗ್ರಾಂ ಟ್ರಾನ್ಸ್ ಇರಬಹುದಿತ್ತು. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ 2.2 ಗ್ರಾಂ. ಎರಡು ಪಫ್ಸ್ ತಿಂದರೆ ಗೆರೆ ದಾಟಿತು, ಕಾನೂನು ಮಾತ್ರ ಮುರಿದಿರಲಿಲ್ಲ. ಈಗಿನ ಶೇ. 2ರಲ್ಲಿ ಅದೇ ಪಫ್ಸ್‌ಗೆ 0.3 ಗ್ರಾಂ. ವ್ಯತ್ಯಾಸ ಸಣ್ಣದಲ್ಲ.

ಆದರೆ ಅಳೆಯುವುದು ಹೇಗೆ? ಐಸೋಮರ್‌ಗಳ ನಿಜವಾದ ತಲೆನೋವು ಇಲ್ಲಿದೆ. ಪದಾರ್ಥವನ್ನು ಸುಟ್ಟು ಇಂಗಾಲ, ಹೈಡ್ರೋಜನ್ ಲೆಕ್ಕ ಹಾಕಿದರೆ ಎರಡಕ್ಕೂ ಒಂದೇ ಉತ್ತರ. ಎಣ್ಣೆ ಕಾರ್ಖಾನೆಗಳ ಹಳೆಯ ನೆಚ್ಚಿನ ಪರೀಕ್ಷೆ ಅಯೋಡಿನ್ ಮೌಲ್ಯ. ಅದು ಎಷ್ಟು ದ್ವಿಬಂಧ ಇದೆ ಎಂದು ಎಣಿಸುತ್ತದೆ, ಯಾವ ಕಡೆ ತಿರುಗಿದೆ ಎಂದು ನೋಡುವುದಿಲ್ಲ. ಓಲಿಕ್‌ಗೂ ಎಲೈಡಿಕ್‌ಗೂ ಅದು ಸುಮಾರು 90. ಅಣುವಿನ ತೂಕ ಅಳೆಯುವ ಯಂತ್ರಕ್ಕೂ ಇಬ್ಬರೂ ಒಂದೇ. ಈ ಕುರುಡುತನ ನಮ್ಮ ಕಾನೂನಿಗೆ ಮೊದಲೇ ಪರಿಚಿತ. ತುಪ್ಪಕ್ಕೆ ಡಾಲ್ಡಾ ಬೆರೆಸಿದರೆ ಸುಲಭದಲ್ಲಿ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ವನಸ್ಪತಿಗೆ ಶೇ. 5 ಎಳ್ಳೆಣ್ಣೆ ಬೆರೆಸಲೇಬೇಕು ಎಂದು ಕಡ್ಡಾಯ ಮಾಡಿದ್ದರು. ಎಳ್ಳೆಣ್ಣೆ ಇದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯೂರಲ್ ಹಾಕಿದಾಗ ಗುಲಾಬಿ ಬಣ್ಣ ಬರುತ್ತದೆ. ಕೊಬ್ಬಿನ ಗುರುತು ಹಿಡಿಯಲಾಗದೆ ಅದರ ಜೊತೆಗೊಬ್ಬ ಸಾಕ್ಷಿಯನ್ನು ಕಳಿಸಿದ ಹಾಗೆ.

ಆಕಾರವನ್ನೇ ನೋಡುವ ದಾರಿಗಳೂ ಇವೆ. ಒಂದು ಇನ್‌ಫ್ರಾರೆಡ್ ಬೆಳಕು. ಟ್ರಾನ್ಸ್ ದ್ವಿಬಂಧದ ಎರಡು ಹೈಡ್ರೋಜನ್‌ಗಳು ಎದುರು ಬದುರು ನಿಂತು ಒಂದು ವಿಶಿಷ್ಟ ರೀತಿಯಲ್ಲಿ ಕಂಪಿಸುತ್ತವೆ. 966 cm⁻¹ ಆಸುಪಾಸಿನಲ್ಲಿ ಬೆಳಕು ಹೀರಿದ ಗುರುತು ಕಾಣುತ್ತದೆ. ಸಿಸ್ ಅಲ್ಲಿ ಹೀರುವುದಿಲ್ಲ. ವೇಗದ ವಿಧಾನ, ಆದರೆ ಟ್ರಾನ್ಸ್ ಕಡಿಮೆ ಇದ್ದಷ್ಟೂ ನಂಬಿಕೆ ಕಡಿಮೆ. ಶೇ. 2ರ ಗೆರೆಯ ಹತ್ತಿರ ಜಗಳ ಬಿದ್ದರೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ಬೇಕು. ಕೊಬ್ಬನ್ನು ಒಡೆದು, ಆಮ್ಲಗಳನ್ನು ಮೆಥನಾಲ್ ಜೊತೆ ಸೇರಿಸಿ ಸುಲಭವಾಗಿ ಆವಿಯಾಗುವ ಎಸ್ಟರ್ ಮಾಡಿ, 100 ಮೀಟರ್ ಉದ್ದದ ಕೂದಲೆಳೆಯಂಥ ಕೊಳವೆಯೊಳಗೆ ಓಡಿಸುತ್ತಾರೆ. ಕೊಳವೆಯ ಒಳಗೋಡೆಯ ಲೇಪ ಡೊಂಕು ಅಣುವನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಹಾಗಾಗಿ ಮೊದಲು ಸ್ಟಿಯರಿಕ್, ಹಿಂದೆಯೇ ಟ್ರಾನ್ಸ್ ಗುಂಪು, ಆಮೇಲೆ ಓಲಿಕ್ ಹೊರಬರುತ್ತವೆ.

ಇಲ್ಲಿ ಎಡವುವ ಜಾಗ ಒಂದಿದೆ. ದ್ವಿಬಂಧ ಜಾರಿಕೊಂಡು ಹೋದ ಟ್ರಾನ್ಸ್ ಕುಟುಂಬ ನೆನಪಿದೆಯಲ್ಲ? 13, 14ನೇ ಜಾಗಕ್ಕೆ ಸರಿದ ಟ್ರಾನ್ಸ್‌ಗಳು ತಡವಾಗಿ ಹೊರಬಂದು ಸಿಸ್ ಗುಂಪಿನ ಗುಡ್ಡದ ಅಡಿಯಲ್ಲಿ ಅಡಗಿಬಿಡುತ್ತವೆ. ಅಜಾಗರೂಕ ಲ್ಯಾಬ್ ಅವನ್ನೂ ಸಿಸ್ ಲೆಕ್ಕಕ್ಕೆ ಬರೆಯುತ್ತದೆ, ವರದಿಯಲ್ಲಿ ಟ್ರಾನ್ಸ್ ಕಡಿಮೆ ಕಾಣುತ್ತದೆ. ಸಂದೇಹ ಬಂದರೆ ಬೆಳ್ಳಿಯ ಅಯಾನು ಇರುವ ಪದರದಲ್ಲಿ ಮೊದಲು ಬೇರ್ಪಡಿಸುತ್ತಾರೆ. ಬೆಳ್ಳಿ ಸಿಸ್ ದ್ವಿಬಂಧವನ್ನು ಬಿಗಿಯಾಗಿ ಹಿಡಿಯುತ್ತದೆ, ಟ್ರಾನ್ಸ್ ಮುಂದೆ ಜಾರುತ್ತದೆ. ಮನೆಯಲ್ಲಿ ಕೂತು ಬಣ್ಣ, ವಾಸನೆ, ಜಿಡ್ಡು ನೋಡಿ ಟ್ರಾನ್ಸ್ ಕಂಡುಹಿಡಿಯುವ ಉಪಾಯ ಯಾರಾದರೂ ಹೇಳಿದರೆ ನಂಬಬೇಡಿ.

ಸ್ಥಾನದ ವಿಷಯ ಬಂದದ್ದರಿಂದ ನಮ್ಮ ಅಡುಗೆಮನೆಯ ಇನ್ನೆರಡು ಡಬ್ಬಿ ತೆರೆಯಬೇಕು. ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಹೆಚ್ಚಾಗಿರುವುದು ಪೆಟ್ರೊಸೆಲಿನಿಕ್ ಆಮ್ಲ. ಅದೂ C₁₈H₃₄O₂, ಅದೂ ಸಿಸ್. ದ್ವಿಬಂಧ ಮಾತ್ರ 9ರ ಬದಲು 6ನೇ ಜಾಗದಲ್ಲಿ. ಅಷ್ಟಕ್ಕೇ ಕರಗುವ ಬಿಸಿ 13ರಿಂದ ಸುಮಾರು 30 ಡಿಗ್ರಿಗೆ ಏರುತ್ತದೆ. ಡೊಂಕು ತುದಿಯ ಹತ್ತಿರಕ್ಕೆ ಹೋದರೆ ಉಳಿದ ಉದ್ದನೆಯ ನೆಟ್ಟಗಿನ ಭಾಗ ಚೆನ್ನಾಗಿ ಹೊಂದಿಕೊಂಡು ಕೂರುತ್ತದೆ.

ಇನ್ನೊಂದು ಡಬ್ಬಿ ತುಪ್ಪ. ಹಸು, ಎಮ್ಮೆಯ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಬ್ಯಾಕ್ಟೀರಿಯಾಗಳೂ ಹುಲ್ಲಿನ ಕೊಬ್ಬಿಗೆ ಹೈಡ್ರೋಜನ್ ಸೇರಿಸುತ್ತವೆ, ಅವೂ ಅರ್ಧಕ್ಕೆ ಬಿಟ್ಟು ಟ್ರಾನ್ಸ್ ಮಾಡುತ್ತವೆ. ಅಲ್ಲಿ ಹೆಚ್ಚಾಗಿ ಹುಟ್ಟುವುದು ವ್ಯಾಕ್ಸೆನಿಕ್ ಆಮ್ಲ. ಅದೇ ಸೂತ್ರ, ಟ್ರಾನ್ಸ್ ಆಕಾರ, ದ್ವಿಬಂಧ 11ನೇ ಜಾಗದಲ್ಲಿ. ಕರಗುವ ಬಿಸಿ ಎಲೈಡಿಕ್‌ಗೆ ಹೆಚ್ಚುಕಡಿಮೆ ಸಮ. ಆದರೆ ನಮ್ಮ ದೇಹದ ಒಂದು ಕಿಣ್ವ ಅದರಲ್ಲಿ ಒಂದಷ್ಟನ್ನು 9ನೇ ಜಾಗದಲ್ಲಿ ಇನ್ನೊಂದು ಸಿಸ್ ದ್ವಿಬಂಧ ಮಾಡಿ ಬೇರೆ ಆಮ್ಲವಾಗಿ ಬದಲಿಸುತ್ತದೆ. ಎಲೈಡಿಕ್‌ನಲ್ಲಿ 9ನೇ ಜಾಗ ಆಗಲೇ ಭರ್ತಿ, ಆ ದಾರಿ ಮುಚ್ಚಿದೆ. ಇದನ್ನು ಹಿಡಿದುಕೊಂಡು ತುಪ್ಪದ ಟ್ರಾನ್ಸ್ ಅಮೃತ ಎಂದು ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹೆಚ್ಚು ಪ್ರಮಾಣದಲ್ಲಿ ಕೊಟ್ಟ ಪ್ರಯೋಗಗಳಲ್ಲಿ ಅದೂ ಎಲ್‌ಡಿಎಲ್ ಏರಿಸಿದೆ. ಹಾಲಿನ ಕೊಬ್ಬಿನಲ್ಲಿ ಟ್ರಾನ್ಸ್ ಇರುವುದೇ ನೂರಕ್ಕೆ ಕೆಲವು ಭಾಗ ಮಾತ್ರ ಎನ್ನುವುದು ನಮ್ಮ ಪುಣ್ಯ. ನಮ್ಮ ಶೇ. 2ರ ನಿಯಮ ತುಪ್ಪದ ತಂಟೆಗೆ ಹೋಗಿಲ್ಲ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2.2 ಗ್ರಾಂ ಲೆಕ್ಕದಲ್ಲಿ ಎರಡೂ ಸೇರಿವೆ.

ಈಗ ಬೇಕರಿಗೆ ಟ್ರಾನ್ಸ್ ಬೇಡ, ಆದರೆ ಗಟ್ಟಿತನ ಬೇಕು. ಒಂದು ದಾರಿ ತಾಳೆ ಎಣ್ಣೆಯ ಗಟ್ಟಿ ಭಾಗ. ಇನ್ನೊಂದನ್ನು ಬಿಸ್ಕೆಟ್ ಪೊಟ್ಟಣದ ಹಿಂದೆ ‘ಇಂಟರ್‌ಎಸ್ಟರಿಫೈಡ್’ ಎಂಬ ಪದವಾಗಿ ನೀವು ನೋಡಿರಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಇಂಥ ಟ್ರಾನ್ಸ್ ಇಲ್ಲದ ಕೊಬ್ಬುಗಳ ಮೇಲೆ ಕೆಲಸ ನಡೆದಿದೆ. ಇದೂ ಐಸೋಮರ್‌ಗಳ ಆಟವೇ, ಆದರೆ ಒಂದು ಮೆಟ್ಟಿಲು ಮೇಲೆ. ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳು ಒಂಟಿಯಾಗಿ ಇರುವುದಿಲ್ಲ. ಮೂರು ಆಮ್ಲಗಳು ಗ್ಲಿಸರಾಲ್ ಎಂಬ ಗೂಟಕ್ಕೆ ಮೇಲೆ, ನಡುವೆ, ಕೆಳಗೆ ಎಂದು ಕಟ್ಟಿಕೊಂಡಿರುತ್ತವೆ. ಇಂಟರ್‌ಎಸ್ಟರಿಫಿಕೇಶನ್ ಎಂದರೆ ಅವನ್ನು ಬಿಚ್ಚಿ ಅದಲುಬದಲು ಮಾಡಿ ಕಟ್ಟುವುದು. ಯಾವ ಆಮ್ಲದ ಆಕಾರವೂ ಬದಲಾಗುವುದಿಲ್ಲ, ಕೂತ ಜಾಗ ಬದಲಾಗುತ್ತದೆ.

ಅದರ ಪರಿಣಾಮ ನೋಡಬೇಕಾದರೆ ಚಾಕೊಲೇಟಿನ ಕೋಕೋ ಬೆಣ್ಣೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಡೊಂಕು ಓಲಿಕ್ ಬಹುತೇಕ ಯಾವಾಗಲೂ ನಡುವಿನ ಜಾಗದಲ್ಲಿ, ನೆಟ್ಟಗಿನ ಪಾಮಿಟಿಕ್ ಮತ್ತು ಸ್ಟಿಯರಿಕ್ ಎರಡು ಕೊನೆಗಳಲ್ಲಿ. ಹೆಚ್ಚಿನ ಅಣುಗಳು ಒಂದೇ ಮಾದರಿ. ಆದ್ದರಿಂದ ಅದು 34 ಡಿಗ್ರಿಯ ಆಸುಪಾಸಿನಲ್ಲಿ ಒಮ್ಮೆಗೇ, ನಾಲಿಗೆಯ ಮೇಲೆ ಕರಗುತ್ತದೆ. ಅದೇ ಬೆಣ್ಣೆಯನ್ನು ಇಂಟರ್‌ಎಸ್ಟರಿಫೈ ಮಾಡಿದರೆ ಕೆಲವು ಅಣುಗಳಲ್ಲಿ ಓಲಿಕ್ ತುದಿಗೆ ಹೋಗುತ್ತದೆ. ಕೆಲವಕ್ಕೆ ಮೂರೂ ನೆಟ್ಟಗಿನವೇ ಸಿಗುತ್ತವೆ, ಕೆಲವಕ್ಕೆ ಮೂರೂ ಡೊಂಕಿನವು. ಪೂರ್ತಿ ಕರಗುವ ಬಿಸಿ ಸುಮಾರು 50 ಡಿಗ್ರಿಗೆ ಏರಿಬಿಡುತ್ತದೆ. ಅದರಿಂದ ಮಾಡಿದ ಚಾಕೊಲೇಟ್ ಬಾಯಲ್ಲಿ ಮೇಣ ಅಗಿದ ಹಾಗೆ. ಅದರ ತುಂಡೊಂದನ್ನು ಮೇಲಿನ 100 ಮೀಟರ್ ಕೊಳವೆಯ ಲ್ಯಾಬಿಗೆ ಕಳಿಸಿ ನೋಡಿ. ಅವರು ಕೊಬ್ಬನ್ನು ಒಡೆದೇ ಪರೀಕ್ಷೆ ಮಾಡುವುದರಿಂದ ಯಾವ ಆಮ್ಲ ಎಷ್ಟು ಎನ್ನುವ ವರದಿ ಮೊದಲಿನ ಬೆಣ್ಣೆಯದ್ದೇ ಬರುತ್ತದೆ, ಟ್ರಾನ್ಸ್ ಸೊನ್ನೆ.